2.23 ಎಕರೆ ಅಂದ್ರೆ ಎಷ್ಟು? ಗುಂಟೆ, ಸೆಂಟ್ಸ್, ಮೊಳವನ್ನು ಮೀಟರಿಗೆ ಇಳಿಸುವ ಲೆಕ್ಕ

ಹೋದ ವರ್ಷ ನಮ್ಮ ಮನೆಯಲ್ಲಿ ಜಮೀನು ಪಾಲಾಯಿತು. ಹಾಸನದ ಕಡೆಯ ಹೊಲ, ಮೂರು ಜನ ಪಾಲುದಾರರು. ಭಾವ ಪುತ್ತೂರಿನವರು, ಲೆಕ್ಕದಲ್ಲಿ ಬಹಳ ಚುರುಕು, ಹಾಗಾಗಿ ಯಾರಿಗೆ ಎಷ್ಟು ಚದರ ಮೀಟರ್ ಬರುತ್ತದೆ ಅಂತ ಹೇಳುವ ಕೆಲಸ ಅವರಿಗೇ ಹೋಯಿತು. ಪಹಣಿ ನೋಡಿದರು, 2.23 ಅಂತ ಬರೆದುಕೊಂಡರು, ಒಂದು ಎಕರೆಗೆ 4,046.86 ಚದರ ಮೀಟರ್ ಅಂತ ಗುಣಿಸಿದರು, ಮೂರರಿಂದ ಭಾಗಿಸಿದರು. ಒಬ್ಬೊಬ್ಬರಿಗೆ 3,008 ಚದರ ಮೀಟರ್. ಅಣ್ಣ ಕಾಗದ ನೋಡಿ, "ಏನ್ ಭಾವ, ಅರ್ಧ ಎಕರೆ ಹತ್ರ ಎಲ್ಲೋ ತಿಂದುಬಿಟ್ರಲ್ಲ" ಅಂದ.

ತಮಾಷೆಗೆ ಅಂದಿದ್ದು. ಆದರೆ ಲೆಕ್ಕದಲ್ಲಿ ನಿಜವಾಗಿಯೂ ಹದಿನಾಲ್ಕು ಗುಂಟೆಗೂ ಜಾಸ್ತಿ ಮಾಯವಾಗಿತ್ತು. ಭಾವನ ಗುಣಾಕಾರ ಸರಿಯಾಗಿಯೇ ಇತ್ತು. ಅವರು ತಪ್ಪಿದ್ದು ಆ ಚುಕ್ಕಿಯನ್ನು ಓದಿದ ರೀತಿಯಲ್ಲಿ.

ನಮ್ಮ ಕಡೆ ಪಹಣಿಯಲ್ಲಿ 2.23 ಅಂತಿದ್ದರೆ ಅದು ಎರಡು ಎಕರೆ ಇಪ್ಪತ್ಮೂರು ಗುಂಟೆ. ಗುಂಟೆ ಅಂದರೆ ಎಕರೆಯಲ್ಲಿ ನಲವತ್ತನೇ ಒಂದು ಭಾಗ. ಚುಕ್ಕಿಯ ಎಡಕ್ಕೆ ಒಂದು ಅಳತೆ, ಬಲಕ್ಕೆ ಇನ್ನೊಂದು ಅಳತೆ, ಮಧ್ಯೆ ಚುಕ್ಕಿ ಸುಮ್ನೆ ಬೇಲಿ ಥರ ನಿಂತಿದೆ. ಗಡಿಯಾರದಲ್ಲಿ 2.30 ಅಂದರೆ ಎರಡೂವರೆ ಗಂಟೆ ಅಲ್ವಾ? ಅದೇ ರೀತಿ ಪಹಣಿಯಲ್ಲಿ 2.20 ಅಂದರೆ ಎರಡೂವರೆ ಎಕರೆ. ನಲವತ್ತಕ್ಕೆ ಒಂದು ಎಕರೆ ತುಂಬುತ್ತದೆ, ನೂರಕ್ಕಲ್ಲ.

ಇನ್ನು ಭಾವನ ಊರಿನಲ್ಲಿ ಇದೇ 2.23 ಅಂತ ಕಂಡರೆ? ಅಲ್ಲಿ ಅದು ಎರಡು ಎಕರೆ ಇಪ್ಪತ್ಮೂರು ಸೆಂಟ್ಸ್. ಸೆಂಟ್ ಅಂದರೆ ಎಕರೆಯಲ್ಲಿ ನೂರನೇ ಒಂದು ಭಾಗ. ಅಲ್ಲಿ ಚುಕ್ಕಿಯನ್ನು ದಶಾಂಶದ ಚುಕ್ಕಿ ಅಂತ ಓದಿದರೂ ಉತ್ತರ ಸರಿಯಾಗಿಯೇ ಬರುತ್ತದೆ. ಹಾಗಾಗಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ಬೆಳೆದವರಿಗೆ ಈ ಗುಂಡಿ ಇದೆ ಅಂತಲೇ ಗೊತ್ತಿರುವುದಿಲ್ಲ. ಘಟ್ಟ ಹತ್ತಿದ ಮೇಲೆ ಬೀಳುತ್ತಾರೆ. ಘಟ್ಟದ ಮೇಲಿನವರು ಇಳಿದು ಹೋಗಿ ಅಡಿಕೆ ತೋಟ ಕೊಳ್ಳುವಾಗಲೂ ಹಾಗೇ, ಹತ್ತು ಸೆಂಟ್ಸನ್ನು ಮನಸ್ಸಿನಲ್ಲಿ ಹತ್ತು ಗುಂಟೆ ಅಂತ ಅಂದಾಜು ಮಾಡಿಕೊಂಡಿರುತ್ತಾರೆ. ಹತ್ತು ಗುಂಟೆ ಅಂದರೆ ಸುಮಾರು 1,012 ಚದರ ಮೀಟರ್. ಹತ್ತು ಸೆಂಟ್ಸ್ ಅಂದರೆ 405. ಎರಡೂವರೆ ಪಟ್ಟು ವ್ಯತ್ಯಾಸ.

ಒಂದೇ ರಾಜ್ಯದಲ್ಲಿ ಯಾಕೆ ಹೀಗೆ ಅಂದರೆ, ಸರ್ವೆ ಮಾಡಿದ ಸರಪಳಿಗಳು ಬೇರೆ ಬೇರೆ. ಇದನ್ನು ಸ್ವಲ್ಪ ತಿಳಿದುಕೊಂಡರೆ ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಎಕರೆ ಅನ್ನುವುದು ಇಂಗ್ಲಿಷಿನವರ ಅಳತೆ. ಎಡ್ಮಂಡ್ ಗಂಟರ್ ಅನ್ನುವ ಗಣಿತಜ್ಞ 1620ರಲ್ಲಿ 66 ಅಡಿ ಉದ್ದದ ಒಂದು ಸರಪಳಿಯನ್ನು ಬಳಕೆಗೆ ತಂದ. ಅದರಲ್ಲಿ ನೂರು ಕೊಂಡಿ, ಸರ್ವೆಯವರ ಬಾಯಲ್ಲಿ ಲಿಂಕ್. ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದ ಇಟ್ಟರೆ ಸರಿಯಾಗಿ ಒಂದು ಎಕರೆ: 66 ಅಡಿ ಗುಣಿಸು 660 ಅಡಿ, ಅಂದರೆ 43,560 ಚದರ ಅಡಿ. ಮದ್ರಾಸಿನವರು ಇದೇ ನೂರು ಕೊಂಡಿಯ ಲೆಕ್ಕವನ್ನು ಹಿಡಿದುಕೊಂಡರು. ಕೊಂಡಿಯಲ್ಲಿ ಹೇಳಿದರೆ ಎಕರೆ ಅಂದರೆ 100 ಗುಣಿಸು 1,000, ಒಂದು ಲಕ್ಷ ಚದರ ಕೊಂಡಿ. ಅದರಲ್ಲಿ ನೂರನೇ ಒಂದು ಪಾಲು, ಅಂದರೆ ಸಾವಿರ ಚದರ ಕೊಂಡಿ, ಒಂದು ಸೆಂಟ್. ಎಲ್ಲಾ ಹತ್ತು, ನೂರು, ಸಾವಿರದಲ್ಲೇ ಮುಗಿಯುತ್ತದೆ.

ಮುಂಬೈ ಪ್ರಾಂತ್ಯದ ಸರ್ವೆಯವರು ಅದೇ ಸರಪಳಿಯ ಅರ್ಧ ಉದ್ದವನ್ನು ತೆಗೆದುಕೊಂಡರು, 33 ಅಡಿ. ಅದನ್ನು ನೂರು ಭಾಗ ಮಾಡಲಿಲ್ಲ, ಹದಿನಾರು ಭಾಗ ಮಾಡಿದರು. ಹದಿನಾರು ಯಾಕೆ ಅಂದರೆ ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲ. ರೈತನಿಗೂ ಶಾನುಭೋಗರಿಗೂ ಕಾಲು, ಅರ್ಧ, ಮುಕ್ಕಾಲು, ವೀಸದ ಲೆಕ್ಕ ನಾಲಿಗೆ ತುದಿಯಲ್ಲೇ ಇತ್ತು. ಈ ಸರಪಳಿಯನ್ನು ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಇಟ್ಟರೆ ಸಿಗುವ ಚೌಕವೇ ಗುಂಟೆ: 33 ಗುಣಿಸು 33, ಅಂದರೆ 1,089 ಚದರ ಅಡಿ. ಅಂಥ ನಲವತ್ತು ಚೌಕ ಸೇರಿದರೆ ಎಕರೆ. ಮೈಸೂರು ಸೀಮೆಯಲ್ಲೂ ಇದೇ ಪದ್ಧತಿ ಬಂತು. ಅಲ್ಲಿ ಹಳ್ಳಿ ಬಾಯಲ್ಲಿ ಗುಂಟೆ ಅನ್ನುವುದು ಕುಂಟೆ ಅಂತಲೂ ಆಗುತ್ತದೆ, ಎರಡೂ ಒಂದೇ.

ಕರಾವಳಿಯಲ್ಲಿ ಈ ಎರಡು ಸರಪಳಿಗಳ ಗಡಿ ಇವತ್ತಿಗೂ ಕಾಣುತ್ತದೆ. ಹಳೆಯ ಕೆನರಾ ಜಿಲ್ಲೆಯನ್ನು ಎರಡು ಭಾಗ ಮಾಡಿ ಉತ್ತರದ ಭಾಗವನ್ನು 1862ರಲ್ಲಿ ಮುಂಬೈಗೆ ಸೇರಿಸಿದರು, ದಕ್ಷಿಣದ ಭಾಗ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಭಟ್ಕಳದಲ್ಲಿ ಗುಂಟೆ, ಅಲ್ಲಿಂದ ತೆಂಕಣಕ್ಕೆ ಇಳಿದು ಬೈಂದೂರಿಗೆ ಬಂದರೆ ಸೆಂಟ್ಸ್. ಸಮುದ್ರ ಒಂದೇ, ಮಳೆ ಒಂದೇ, ಅಳತೆ ಮಾತ್ರ ಬೇರೆ. 1956ರಲ್ಲಿ ಕಾಸರಗೋಡನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ರಾಜ್ಯಕ್ಕೆ ಬಂತು, ಆದರೆ ದಾಖಲೆ ಪುಸ್ತಕದ ಅಭ್ಯಾಸ ಹಾಗೇ ಉಳಿಯಿತು.

ಈಗ ಮೀಟರಿಗೆ ಬರೋಣ. ಇಲ್ಲಿ ನೆನಪಿಡಬೇಕಾದದ್ದು ಒಂದೇ ಅಂಕಿ, ಒಂದು ಅಡಿ ಅಂದರೆ 0.3048 ಮೀಟರ್. ಇದು ಅಂದಾಜು ಅಲ್ಲ, ನಿಗದಿ ಮಾಡಿದ ಅಂಕಿ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. 33 ಅಡಿ ಅಂದರೆ 10.0584 ಮೀಟರ್. ಗುಂಟೆ ಆ ಉದ್ದದ ಚೌಕ ತಾನೆ, ಹಾಗಾಗಿ 10.0584 ಅನ್ನು ಅದರಿಂದಲೇ ಗುಣಿಸಿದರೆ 101.17 ಚದರ ಮೀಟರ್. ಇದನ್ನು ನಲವತ್ತರಿಂದ ಗುಣಿಸಿದರೆ ಎಕರೆ, 4,046.86. ಎಕರೆಯನ್ನು ನೂರರಿಂದ ಭಾಗಿಸಿದರೆ ಸೆಂಟ್, 40.47. ಗುಂಟೆಯನ್ನು ಹದಿನಾರರಿಂದ ಭಾಗಿಸಿದರೆ ಒಂದು ಆಣೆ, 6.32 ಚದರ ಮೀಟರ್, ಅಂದರೆ ಒಂದು ಸಣ್ಣ ಅಡುಗೆಮನೆಯಷ್ಟು ಜಾಗ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಅಷ್ಟೇ.

ಕಣ್ಣಿಗೆ ಕಟ್ಟುವ ಹಾಗೆ ಹೇಳಬೇಕಂದರೆ, ಬೆಂಗಳೂರಿನ 30x40 ಸೈಟು 1,200 ಚದರ ಅಡಿ, ಅಂದರೆ 111.48 ಚದರ ಮೀಟರ್. ಒಂದು ಗುಂಟೆ ಅದಕ್ಕಿಂತ ಸ್ವಲ್ಪ ಕಮ್ಮಿ. ಒಂದು ಸೆಂಟ್ ಅಂದರೆ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಮಂಗಳೂರಿನವರು "ಐದು ಸೆಂಟ್ಸಲ್ಲಿ ಮನೆ ಕಟ್ಟಿದ್ವಿ" ಅಂದರೆ ಅದು 2,178 ಚದರ ಅಡಿ ಜಾಗ, 40x60ಕ್ಕಿಂತ ಸ್ವಲ್ಪ ಚಿಕ್ಕದು.

ಇನ್ನೊಂದು ಮಾತು. "ಗುಂಟೆ ಅಂದ್ರೆ ಹತ್ತು ಮೀಟರ್ ಇಂಟು ಹತ್ತು ಮೀಟರ್, ನೂರು ಅಂತ ಇಟ್ಕೊಳ್ಳಿ" ಅಂತ ಬ್ರೋಕರ್‌ಗಳು ಹೇಳುವುದುಂಟು. ಹೊಲದ ಬದುವಿನ ಮೇಲೆ ನಿಂತು ಮಾತಾಡುವಾಗ ಪರವಾಗಿಲ್ಲ. ಬರೆಯುವಾಗ ಬೇಡ. ಒಂದು ಗುಂಟೆಗೆ 1.17 ಚದರ ಮೀಟರ್ ಹೋಗುತ್ತದೆ, ಒಂದು ಎಕರೆಗೆ ಸುಮಾರು 47 ಚದರ ಮೀಟರ್, ಅಂದರೆ ಒಂದು ಸೆಂಟಿಗೂ ಜಾಸ್ತಿ. ನೂರು ಚದರ ಮೀಟರಿಗೆ ಬೇರೆಯದೇ ಹೆಸರಿದೆ, ಆರ್. ಕಾಸರಗೋಡಿನ ಕಡೆಯ ಕಾಗದಗಳಲ್ಲಿ ಆರ್ ಅಂತ ಕಂಡರೆ ಅದು ಇದು. ಗುಂಟೆಯೂ ಆರ್ ಕೂಡ ಅಕ್ಕಪಕ್ಕದ ಅಳತೆ, ಒಂದೇ ಅಲ್ಲ.

ಈಗ ನಮ್ಮ ಹೊಲದ ಲೆಕ್ಕವನ್ನು ಮೊದಲಿಂದ ಮಾಡುತ್ತೇನೆ, ಯಾಕೆಂದರೆ ಪಹಣಿಯಲ್ಲಿ ಭಾವ ನೋಡಿದ ಸಾಲು ಬಿಟ್ಟು ಇನ್ನೂ ಎರಡು ಸಾಲು ಇದ್ದವು.

ಒಟ್ಟು ವಿಸ್ತೀರ್ಣ 2.27.00. ಎರಡು ಎಕರೆ, ಇಪ್ಪತ್ತೇಳು ಗುಂಟೆ, ಸೊನ್ನೆ ಆಣೆ. ಅದರ ಕೆಳಗೆ ಖರಾಬು 0.03.08, ಅಂದರೆ ಮೂರು ಗುಂಟೆ ಎಂಟು ಆಣೆ. ಉಳಿದದ್ದು 2.23.08, ಭಾವ ಕೊನೆಯ ಎಂಟು ಆಣೆ ಬಿಟ್ಟು ಬರೆದುಕೊಂಡ ಸಾಲು ಇದೇ. ಖರಾಬು ಅಂದರೆ ಸಾಗುವಳಿಗೆ ಲೆಕ್ಕವಿಲ್ಲದ ಜಾಗ. ಅದರಲ್ಲಿ ಎರಡು ಬಗೆ. 'ಅ' ಖರಾಬು ಅಂದರೆ ಬಂಡೆಗಿಂಡೆ ಇರುವ, ಉಳಲಿಕ್ಕಾಗದ ಜಾಗ. 'ಬ' ಖರಾಬು ಅಂದರೆ ದಾರಿ, ಹಳ್ಳ, ಕೆರೆ ಅಂತ ಸಾರ್ವಜನಿಕರಿಗೆ ಬಿಟ್ಟದ್ದು. ನೀವು ಚದರ ಮೀಟರಿಗೆ ಇಳಿಸುವ ಮುಂಚೆ ಯಾವ ಅಂಕಿಯನ್ನು ಇಳಿಸುತ್ತಿದ್ದೀರಿ ಅಂತ ನೋಡಿಕೊಳ್ಳಿ. ಒಟ್ಟು ವಿಸ್ತೀರ್ಣ ಹಿಡಿದು ಪಾಲು ಮಾಡಿದರೆ ಊರ ದಾರಿಯನ್ನೂ ಯಾರಿಗೋ ಪಾಲು ಕೊಟ್ಟಂತಾಗುತ್ತದೆ.

ಕಳೆಯುವಾಗಲೂ ಹುಷಾರು. ಸೊನ್ನೆ ಆಣೆಯಿಂದ ಎಂಟು ಆಣೆ ಕಳೆಯಲಾಗುವುದಿಲ್ಲ, ಗುಂಟೆಯಿಂದ ಒಂದು ಸಾಲ ತರಬೇಕು. ಒಂದು ಗುಂಟೆ ತಂದರೆ ಹದಿನಾರು ಆಣೆ ಆಗುತ್ತದೆ, ಹತ್ತಲ್ಲ, ನೂರಲ್ಲ. ಹದಿನಾರರಲ್ಲಿ ಎಂಟು ಹೋದರೆ ಎಂಟು. ಇಪ್ಪತ್ತಾರರಲ್ಲಿ ಮೂರು ಹೋದರೆ ಇಪ್ಪತ್ಮೂರು. ಸರಿ, 2.23.08. ಕೂಡುವಾಗಲೂ ಇದೇ. 1.25ಕ್ಕೆ 0.30 ಕೂಡಿದರೆ ಕ್ಯಾಲ್ಕುಲೇಟರ್ 1.55 ಅನ್ನುತ್ತದೆ. ಐವತ್ತೈದು ಗುಂಟೆ ಅಂದರೆ ಒಂದು ಎಕರೆ ಹದಿನೈದು ಗುಂಟೆ, ಹಾಗಾಗಿ ಸರಿಯಾದ ಉತ್ತರ 2.15.

ಇನ್ನು ಚದರ ಮೀಟರ್. ಎಲ್ಲವನ್ನೂ ಮೊದಲು ಗುಂಟೆಗೆ ತರಬೇಕು. ಎರಡು ಎಕರೆ ಅಂದರೆ ಎಂಬತ್ತು ಗುಂಟೆ, ಅದಕ್ಕೆ ಇಪ್ಪತ್ಮೂರು ಸೇರಿಸಿದರೆ ನೂರಾಮೂರು, ಎಂಟು ಆಣೆ ಅಂದರೆ ಅರ್ಧ ಗುಂಟೆ. ಒಟ್ಟು 103.5 ಗುಂಟೆ. ಅದನ್ನು 101.1714ರಿಂದ ಗುಣಿಸಿದರೆ 10,471 ಚದರ ಮೀಟರ್. ಒಂದು ಹೆಕ್ಟೇರಿಗೆ ಹತ್ತು ಸಾವಿರ, ಅಂದರೆ ಹೊಲ ಒಂದು ಹೆಕ್ಟೇರಿಗಿಂತ ಸ್ವಲ್ಪ ಜಾಸ್ತಿ. ಮೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ 34.5 ಗುಂಟೆ, ಪಹಣಿ ಭಾಷೆಯಲ್ಲಿ 0.34.08, ಮೀಟರಿನಲ್ಲಿ 3,490. ಭಾವ ಹೇಳಿದ್ದು 3,008. ಒಬ್ಬೊಬ್ಬರಿಗೆ 482 ಚದರ ಮೀಟರ್ ಕಮ್ಮಿ. ನಾಲ್ಕು 30x40 ಸೈಟಿಗಿಂತ ಜಾಸ್ತಿ ಅದು.

ಭಾವ ಕಾಗದವನ್ನು ಇನ್ನೊಂದು ಸಲ ನೋಡಿ, "ನಿಮ್ಮ ಊರಿನವರು ಚುಕ್ಕಿ ಇಡುವ ಬದಲು ಬೇರೆ ಏನಾದ್ರೂ ಇಡಬಾರದಿತ್ತಾ ಮಾರಾಯ್ರೆ" ಅಂದರು. ನ್ಯಾಯವಾದ ಪ್ರಶ್ನೆ. ನಾನು ಬರೆದುಕೊಳ್ಳುವಾಗ ಈಗ ಚುಕ್ಕಿ ಇಡುವುದೇ ಇಲ್ಲ, 2 ಎ 23 ಗುಂ 8 ಆಣೆ ಅಂತ ಬಿಡಿಸಿ ಬರೆಯುತ್ತೇನೆ.

ಎಕ್ಸೆಲ್‌ನಲ್ಲಿ ಹಾಕುವವರಿಗೆ ಇನ್ನೂ ಒಂದು ಕಾಟ ಇದೆ. 2.20 ಅಂತ ಟೈಪ್ ಮಾಡಿದರೆ ಅದು ಕೊನೆಯ ಸೊನ್ನೆಯನ್ನು ನುಂಗಿ 2.2 ಅಂತ ತೋರಿಸುತ್ತದೆ. ಆಮೇಲೆ ನೋಡಿದವರು ಎರಡು ಎಕರೆ ಎರಡು ಗುಂಟೆ ಅಂತ ಓದುತ್ತಾರೆ. ಹದಿನೆಂಟು ಗುಂಟೆ ಹೋಯಿತು. ಚುಕ್ಕಿ ಬೇಡ ಅಂತ 2-10 ಅಂತ ಟೈಪ್ ಮಾಡಿದರೆ ಅದನ್ನು ತಾರೀಖು ಅಂದುಕೊಂಡು ಅಕ್ಟೋಬರ್ ಇಲ್ಲವೇ ಫೆಬ್ರವರಿ ಮಾಡಿಬಿಡುತ್ತದೆ. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು, ಆಣೆಗೆ ಒಂದು, ಹೀಗೆ ಮೂರು ಕಾಲಂ ಮಾಡಿ. A, B, C ಅಂತ ಇದ್ದರೆ ನಾಲ್ಕನೆಯದರಲ್ಲಿ ಇಷ್ಟು ಸಾಕು:

```
=(A2*40 + B2 + C2/16) * 101.1714
```

ಕರಾವಳಿಯ ದಾಖಲೆಗೆ ಎಕರೆ ಮತ್ತು ಸೆಂಟ್ಸಿಗೆ ಎರಡು ಕಾಲಂ:

```
=(A2*100 + B2) * 40.4686
```

ಕೈಯಲ್ಲಿರುವ ಕಾಗದ ಗುಂಟೆಯದೋ ಸೆಂಟ್ಸಿನದೋ ಅಂತ ಗೊತ್ತಾಗದಿದ್ದರೆ? ಚುಕ್ಕಿಯ ಬಲಕ್ಕಿರುವ ಅಂಕಿ 39 ದಾಟಿದ್ದರೆ ಅದು ಗುಂಟೆ ಆಗಿರಲಿಕ್ಕೆ ಸಾಧ್ಯವೇ ಇಲ್ಲ, ನಲವತ್ತಾದ ಕೂಡಲೇ ಎಕರೆ ಕಟ್ಟುತ್ತದೆ. 0.65 ಅಂತ ಕಂಡರೆ ಅದು ಸೆಂಟ್ಸ್, ಅಥವಾ ಯಾರೋ ಎಕರೆಯನ್ನು ದಶಾಂಶಕ್ಕೆ ಬದಲಾಯಿಸಿ ಬರೆದದ್ದು. ಎರಡಕ್ಕೂ ಉತ್ತರ ಒಂದೇ. ಆದರೆ 39ರ ಒಳಗಿದ್ದರೆ ಆ ಒಂದು ಅಂಕಿಯಿಂದ ಏನೂ ಹೇಳಲಾಗುವುದಿಲ್ಲ. ಅದೇ ಕಾಗದದ ಬೇರೆ ಸಾಲುಗಳನ್ನು ನೋಡಬೇಕು. ಮಾಲೀಕರ ಹೆಸರಿನ ಮುಂದೆ ಬಿಡಿ ಬಿಡಿಯಾಗಿ ಬರೆದ ವಿಸ್ತೀರ್ಣಗಳಿರುತ್ತವಲ್ಲ, ಅವನ್ನು ಕೂಡಿ. ನಲವತ್ತಕ್ಕೆ ಎಕರೆ ಕಟ್ಟಿದಾಗ ಒಟ್ಟು ಹೊಂದಿದರೆ ಗುಂಟೆ, ನೂರಕ್ಕೆ ಕಟ್ಟಿದಾಗ ಹೊಂದಿದರೆ ಸೆಂಟ್ಸ್. ಉದಾಹರಣೆಗೆ 0.25, 0.30 ಸೇರಿ ಒಟ್ಟು 1.15 ಅಂತ ಇದ್ದರೆ ಅನುಮಾನವೇ ಬೇಡ, ಗುಂಟೆ.

ತಿರುಗಾ ಮುರುಗಾ ಲೆಕ್ಕವೂ ಬೇಕಾಗುತ್ತದೆ. ಯಾರೋ 500 ಚದರ ಮೀಟರ್ ಅಂದರು ಅನ್ನಿ. 101.17ರಿಂದ ಭಾಗಿಸಿದರೆ 4.942. ನಾಲ್ಕು ಗುಂಟೆ, ಉಳಿದ 0.942 ಅನ್ನು ಹದಿನಾರರಿಂದ ಗುಣಿಸಿದರೆ ಹದಿನೈದು ಆಣೆ. ಅಂದರೆ 0.04.15. ಅದನ್ನು 4.94 ಗುಂಟೆ ಅಂತ ನೋಡಿ 0.04.94 ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ, ಆಣೆ ಹದಿನೈದಕ್ಕೇ ನಿಲ್ಲುತ್ತದೆ. ಹೆಕ್ಟೇರಿನಲ್ಲಿ ಬರೆಯುವವರು ಎರಡೇ ದಶಾಂಶ ಇಟ್ಟರೆ ಇನ್ನೊಂದು ನಷ್ಟ. ಹೆಕ್ಟೇರಿನ ನೂರನೇ ಭಾಗ ಅಂದರೆ ನೂರು ಚದರ ಮೀಟರ್, ಹೆಚ್ಚುಕಮ್ಮಿ ಒಂದು ಗುಂಟೆ. ಹಾಗಾಗಿ ಪೂರ್ಣ ಮಾಡುವಾಗಲೇ ಅರ್ಧ ಗುಂಟೆ ಅತ್ತಿತ್ತ ಹೋಗಬಹುದು. ನಾಲ್ಕು ದಶಾಂಶ ಇಡಿ, ಆಗ ಒಂದು ಚದರ ಮೀಟರ್ ತನಕ ಬರುತ್ತದೆ.

ಚದರ ಅಡಿಯಿಂದ ಬರುವವರು ಜಾಸ್ತಿ ಮಾಡುವ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಮೀಟರಿಗೆ 3.28 ಅಡಿ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ 1,200 ಚದರ ಅಡಿಯನ್ನು 3.28ರಿಂದ ಭಾಗಿಸಿ 366 ಚದರ ಮೀಟರ್ ಅಂತಾರೆ. ಒಂದು ಚದರ ಮೀಟರ್ ಅನ್ನುವುದು ಉದ್ದಕ್ಕೂ 3.28, ಅಗಲಕ್ಕೂ 3.28 ಅಡಿ. ಎರಡು ಸಲ ಭಾಗಿಸಬೇಕು, ಅಥವಾ ಒಂದೇ ಸಲ 10.764ರಿಂದ. 30x40 ಸೈಟಿಗೆ ನೂರಾ ಹನ್ನೊಂದೂವರೆ ಬಂದರೆ ನಿಮ್ಮ ದಾರಿ ಸರಿ ಇದೆ.

ಇಲ್ಲಿಯ ತನಕ ಬಂದ ಅಳತೆಗಳೆಲ್ಲ ಕಬ್ಬಿಣದ ಸರಪಳಿಯಲ್ಲಿ ಹುಟ್ಟಿದವು, ಹಾಗಾಗಿ ಎಷ್ಟು ದಶಾಂಶ ಬೇಕಾದರೂ ಇಡಬಹುದು. ಮೊಳ ಹಾಗಲ್ಲ. ಅದು ಮನುಷ್ಯರ ಕೈಯಲ್ಲಿ ಹುಟ್ಟಿದ್ದು.

ಹಸ್ತ ಅಂತ ಶಾಸ್ತ್ರದಲ್ಲಿ, ಮೊಳ ಅಂತ ಮನೆಯಲ್ಲಿ. ಮೊಣಕೈಯಿಂದ ನಡುಬೆರಳಿನ ತುದಿಯ ತನಕ. ಅದರಲ್ಲಿ ಅರ್ಧ ಒಂದು ಗೇಣು. ನಾಲ್ಕು ಮೊಳ ಸೇರಿದರೆ ಒಂದು ಮಾರು, ಅಂದರೆ ಎರಡೂ ಕೈ ಚಾಚಿದಷ್ಟು. ನಾನು ತರಕಾರಿ ತರುವ ರಸ್ತೆಯ ಮೂಲೆಯಲ್ಲಿ ಹೂ ಮಾರುವ ಅಜ್ಜಿ ಒಬ್ಬರಿದ್ದಾರೆ, ಅವರ ಮೊಳ ಚಿಕ್ಕದು, ಅವರ ಸೊಸೆಯ ಮೊಳ ದೊಡ್ಡದು. ಒಮ್ಮೆ ಟೇಪ್ ಹಿಡಿದು ನೋಡಿದೆ, ಅಜ್ಜಿಯದು 41 ಸೆಂಟಿಮೀಟರ್, ಸೊಸೆಯದು 45. "ಅದಕ್ಕೇ ಜನ ಅವಳ ಹತ್ರ ಹೋಗ್ತಾರೆ" ಅಂತ ಅಜ್ಜಿ ನಕ್ಕರು, ಆಮೇಲೆ ಕೊನೆಗೆ ಒಂದು ಬೆರಳು ಬಿಟ್ಟು ಕತ್ತರಿಸಿದರು.

ಲೆಕ್ಕಕ್ಕೆ ಇಳಿಸುವಾಗ ಸಾಮಾನ್ಯವಾಗಿ ಒಂದು ಮೊಳಕ್ಕೆ ಒಂದೂವರೆ ಅಡಿ, ಅಂದರೆ 45.72 ಸೆಂಟಿಮೀಟರ್ ಅಂತ ಹಿಡಿಯುತ್ತಾರೆ. ಗೇಣಿಗೆ 22.86, ಮಾರಿಗೆ 1.83 ಮೀಟರ್. ಎರಡು ಮೊಳಕ್ಕೆ ಒಂದು ಗಜ. ಇಲ್ಲಿ ಅಂಗುಲದ ಗೊಂದಲ ಒಂದಿದೆ. ಶಾಸ್ತ್ರದ ಲೆಕ್ಕದಲ್ಲಿ ಒಂದು ಹಸ್ತಕ್ಕೆ 24 ಅಂಗುಲ. ಈಗ ನಾವು ಅಂಗುಲ ಅಂದರೆ ಇಂಚು ಅಂತ ಓದುತ್ತೇವೆ. ಹಾಗೆ ಓದಿದರೆ ಹಸ್ತ ಎರಡು ಅಡಿ ಆಗಿಬಿಡುತ್ತದೆ, ಅಷ್ಟುದ್ದದ ಮೊಳ ಯಾರಿಗೂ ಇರಲಿಕ್ಕಿಲ್ಲ. ಹಳೆಯ ಅಂಗುಲ ಬೆರಳಿನ ಅಗಲ, ಸುಮಾರು 1.9 ಸೆಂಟಿಮೀಟರ್. ಇಂಚು 2.54. ಹಳೆಯ ಪುಸ್ತಕದಲ್ಲಿ ಅಂಗುಲ ಕಂಡರೆ ಮುಕ್ಕಾಲು ಇಂಚು ಅಂತ ಓದಿಕೊಳ್ಳಿ.

ಮತ್ತೆ, ಶಾಸ್ತ್ರದಲ್ಲೂ ಹಸ್ತ ಒಂದೇ ಇರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, 1905ರಲ್ಲಿ. ಅದರಲ್ಲಿ ಅಳತೆಗಳಿಗೇ ಒಂದು ಅಧ್ಯಾಯ ಇದೆ. ಸಾಧಾರಣ ಹಸ್ತಕ್ಕೆ 24 ಅಂಗುಲ, ಆದರೆ ಗೋಮಾಳದಂಥ ಹುಲ್ಲುಗಾವಲು ಅಳೆಯಲಿಕ್ಕೆ 28 ಅಂಗುಲದ ಹಸ್ತ. ಮೊದಲನೆಯದು ಸುಮಾರು 46 ಸೆಂಟಿಮೀಟರ್ ಆದರೆ ಎರಡನೆಯದು 53. ವಾಸ್ತು ಗ್ರಂಥಗಳಲ್ಲಿ 24, 25, 26, 27 ಅಂಗುಲದ ನಾಲ್ಕು ಬೇರೆ ಬೇರೆ ಹಸ್ತಗಳು ಬರುತ್ತವೆ. ಹಾಗಾಗಿ "ಒಂದು ಹಸ್ತ ಅಂದ್ರೆ ಎಷ್ಟು ಮೀಟರ್" ಅಂತ ಕೇಳುವ ಮುಂಚೆ "ಯಾವ ಹಸ್ತ, ಏನನ್ನು ಅಳೆದದ್ದು" ಅಂತ ಕೇಳಬೇಕು.

ಇದು ಪುಸ್ತಕದ ಮಾತು ಅಂತ ಬಿಡುವ ಹಾಗಿಲ್ಲ. ಹಳ್ಳಿ ಮನೆ ಜಾಗದ ಹಳೆಯ ಪತ್ರಗಳಲ್ಲಿ ಪೂರ್ವ ಪಶ್ಚಿಮ 20 ಮೊಳ, ಉತ್ತರ ದಕ್ಷಿಣ 30 ಮೊಳ ಅಂತ ಬರೆದಿರುತ್ತದೆ. ಒಂದೂವರೆ ಅಡಿ ಲೆಕ್ಕದಲ್ಲಿ 9.14 ಗುಣಿಸು 13.72 ಮೀಟರ್, ಅಂದರೆ 125.4 ಚದರ ಮೀಟರ್. ಅಳೆದವರ ಮೊಳ ಒಂದೇ ಒಂದು ಇಂಚು ಉದ್ದ ಇತ್ತು, ಹತ್ತೊಂಬತ್ತು ಇಂಚು ಅಂತಿಟ್ಟುಕೊಳ್ಳಿ. ಆಗ 139.7. ಹದಿನಾಲ್ಕು ಚದರ ಮೀಟರ್, ಒಂದು ಕೋಣೆಯಷ್ಟು ಜಾಗ ಒಂದು ಇಂಚಿನಲ್ಲಿ ಅಡಗಿ ಕೂತಿದೆ. ಉದ್ದದಲ್ಲಿ ಆದ ತಪ್ಪು ವಿಸ್ತೀರ್ಣದಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ.

ಇಂಥ ಪತ್ರ ಸಿಕ್ಕಾಗ ಪುಸ್ತಕದ ಮೊಳವನ್ನು ಬದಿಗಿಟ್ಟು, ಅದೇ ಪತ್ರದಲ್ಲಿ ಹೇಳಿದ, ಇವತ್ತಿಗೂ ಜರುಗದೆ ನಿಂತಿರುವ ಒಂದು ಗುರುತನ್ನು ಹುಡುಕಬೇಕು. ಹಳೆ ಗೋಡೆ, ಬಾವಿಕಟ್ಟೆ, ಎರಡು ಗಡಿಕಲ್ಲಿನ ಮಧ್ಯದ ಅಂತರ, ಏನಾದರೂ ಸರಿ. ಪತ್ರದಲ್ಲಿ 20 ಮೊಳ ಅಂತ ಇರುವ ಗೋಡೆ ಟೇಪಿನಲ್ಲಿ 9.40 ಮೀಟರ್ ಬಂದರೆ, ಆ ಪತ್ರ ಬರೆಸಿದವರ ಮೊಳ 47 ಸೆಂಟಿಮೀಟರ್. ಬಿದ್ದುಹೋದ ಇನ್ನೊಂದು ಬದಿಯ 30 ಮೊಳವನ್ನೂ ಅದೇ ಅಳತೆಯಲ್ಲಿ ನೋಡಿದರೆ 14.1 ಮೀಟರ್. ಎರಡು ಗುರುತು ಸಿಕ್ಕಿ ಎರಡರಲ್ಲೂ ಒಂದೇ ಮೊಳ ಬಂದರೆ ಗಟ್ಟಿ. ಒಂದರಲ್ಲಿ 47, ಇನ್ನೊಂದರಲ್ಲಿ 52 ಬಂದರೆ ಗೋಡೆ ಜರುಗಿದೆ, ಇಲ್ಲವೇ ಬರೆದ ಅಂಕಿ ಅಂದಾಜಿನದು. ಆಗ ನಾಲ್ಕು ಚೆಕ್ಕುಬಂದಿಯೇ ಗತಿ, ಅಂಕಿ ಹಿಡಿದು ಜಗಳ ಆಡಿ ಪ್ರಯೋಜನ ಇಲ್ಲ.

ಕೆಲವನ್ನು ಇಳಿಸಲಿಕ್ಕೆ ಆಗುವುದೇ ಇಲ್ಲ. ಅಜ್ಜನ ಕಾಲದವರು "ಎರಡು ಖಂಡುಗದ ಗದ್ದೆ" ಅಂತಿದ್ದರು. ಅದು ಎರಡು ಖಂಡುಗ ಬೀಜ ಹಿಡಿಯುವ ಗದ್ದೆ. ನೀರು ನಿಲ್ಲುವ ಗದ್ದೆಗೂ ಒಣ ಹೊಲಕ್ಕೂ ಬೀಜದ ಲೆಕ್ಕ ಬೇರೆ, ಹಾಗಾಗಿ ಒಂದೇ ಖಂಡುಗ ಒಂದು ಕಡೆ ಚಿಕ್ಕದು, ಇನ್ನೊಂದು ಕಡೆ ದೊಡ್ಡದು. ಅದನ್ನು ಚದರ ಮೀಟರಿಗೆ ಗುಣಿಸುವ ಅಂಕಿ ಇಂಟರ್ನೆಟ್ಟಿನಲ್ಲಿ ಸಿಕ್ಕಿದರೂ ನಂಬಬೇಡಿ. ಸರ್ವೆ ನಂಬರ್ ಹುಡುಕಿ, ಅದರ ಗುಂಟೆ ನೋಡಿ.

ನಮ್ಮ ಹೊಲದ ಲೆಕ್ಕ ಒಪ್ಪಿದ ಮೇಲೆ ಅಣ್ಣ ಸರ್ವೆಯ ಹಳೆ ಟಿಪ್ಪಣಿಯ ನಕಲು ತರಿಸಿದ. ಕಂದು ಬಣ್ಣಕ್ಕೆ ತಿರುಗಿದ ಕಾಗದದ ಫೋಟೊಕಾಪಿ, ಹೊಲದ ಆಕಾರ, ಗೆರೆಗಳ ಪಕ್ಕದಲ್ಲಿ 5-8, 4-0 ಅಂತ ಸಣ್ಣ ಅಂಕಿಗಳು. ಭಾವ ಈ ಸಲ ಗುಣಿಸಲಿಲ್ಲ, "ಇದು ಏನು, ಗುಂಟೆ ಆಣೆಯಾ?" ಅಂತ ಮೊದಲು ಕೇಳಿದರು. ಅದು ಉದ್ದ. ಐದು ಸರಪಳಿ ಎಂಟು ಆಣೆ. ಹಳೆ ಮೈಸೂರಿನ ಟಿಪ್ಪಣಿಯಲ್ಲಿ ಸರಪಳಿ ಅಂದರೆ ಆ 33 ಅಡಿಯದು, ಆಣೆ ಅಂದರೆ ಸರಪಳಿಯ ಹದಿನಾರನೇ ಭಾಗ, ಸುಮಾರು 63 ಸೆಂಟಿಮೀಟರ್. ಪಹಣಿಯ ಆಣೆ ಜಾಗದ ಆಣೆ, ಟಿಪ್ಪಣಿಯ ಆಣೆ ಉದ್ದದ ಆಣೆ, ಹೆಸರು ಮಾತ್ರ ಒಂದೇ. ಐದೂವರೆ ಸರಪಳಿ ಅಂದರೆ 55.3 ಮೀಟರ್. ಭಾವನ ಊರಿನ ನಕ್ಷೆಯಾಗಿದ್ದರೆ ಅಲ್ಲಿ ಕೊಂಡಿಯ ಲೆಕ್ಕ, ಒಂದು ಕೊಂಡಿಗೆ 20.12 ಸೆಂಟಿಮೀಟರ್, 275 ಅಂತ ಬರೆದಿರುತ್ತಿತ್ತು. ಅದೂ ಇದೇ ಉದ್ದ.

ಆಮೇಲೆ ಅವರಿಗೊಂದು ಹೊಳೆಯಿತು. ಹೊಲದ ಆ ಮೂಲೆಯ ತುಂಡು ಹೆಚ್ಚುಕಮ್ಮಿ ಆಯತ, ಒಂದು ಬದಿ 5-8, ಇನ್ನೊಂದು ಬದಿ 4-0. ಐದೂವರೆಯನ್ನು ನಾಲ್ಕರಿಂದ ಗುಣಿಸಿದರೆ ಇಪ್ಪತ್ತೆರಡು. ಒಂದು ಸರಪಳಿ ಚೌಕಕ್ಕೆ ಒಂದು ಗುಂಟೆ ತಾನೆ, ಹಾಗಾಗಿ ಅದು ನೇರವಾಗಿ ಇಪ್ಪತ್ತೆರಡು ಗುಂಟೆ. ಅಡಿಯೂ ಬೇಡ, ಮೀಟರೂ ಬೇಡ, ಫೋನಿನ ಕ್ಯಾಲ್ಕುಲೇಟರೂ ಬೇಡ. ಸರಪಳಿ 33 ಅಡಿಯದ್ದಾಗಿರುವುದರಿಂದ ಬದುವಿನ ಮೇಲೆ ನಿಂತವರು ಬಾಯಲ್ಲೇ ಗುಣಿಸಿ ಹೇಳಬಹುದು. ಭಾವ ಫೋನನ್ನು ಜೇಬಿಗೆ ಹಾಕಿಕೊಂಡು, ಉಳಿದ ತುಂಡುಗಳನ್ನು ಬೆರಳಲ್ಲೇ ಎಣಿಸಲಿಕ್ಕೆ ಶುರು ಮಾಡಿದರು.